ಎಂಟನೇ ಸರ್ವರ್

2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್ ಸುಮಾರು 45 ನಿಮಿಷದ ವಹಿವಾಟಿನಿಂದ 46 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. ಹೊಸ ಕೋಡ್ ಎಂಟು ಸರ್ವರ್‌ಗಳಲ್ಲಿ ಏಳಕ್ಕಷ್ಟೇ ತಲುಪಿತ್ತು. ಎಂಟನೆಯದರಲ್ಲಿ ಹಳೆಯ ಕೋಡ್ ಚಾಲೂ ಆಗಿ ಆರ್ಡರ್‌ಗಳ ಸುರಿಮಳೆ ಶುರುವಾಯಿತು. ಮಾರುಕಟ್ಟೆ ತೆರೆಯುವ ಮುನ್ನವೇ ದೋಷ ಸೂಚಿಸುವ 97 ಇಮೇಲ್‌ಗಳು ಬಂದಿದ್ದವು. ಯಾರೂ ಗಮನಿಸಲಿಲ್ಲ.

ಸ್ಮೋಕ್ ಟೆಸ್ಟ್ ಇರುವುದೇ ಇದಕ್ಕೆ. ಹೊಸ ಆವೃತ್ತಿ ಏರಿದ ಕೂಡಲೇ ಸ್ಕ್ರಿಪ್ಟೊಂದು ಪ್ರತಿ ಸರ್ವರಿನ ಆವೃತ್ತಿ ಸಂಖ್ಯೆ ಕೇಳುತ್ತದೆ, ಪರೀಕ್ಷೆಗೆಂದೇ ಒಂದು ಆರ್ಡರ್ ಕೊಟ್ಟು ಉತ್ತರ ನೋಡುತ್ತದೆ. ಒಂದು ತಪ್ಪಿದರೂ, ಯಾರ ಅಪ್ಪಣೆಗೂ ಕಾಯದೆ, ಹಿಂದಿನ ಆವೃತ್ತಿಯನ್ನು ಮರಳಿ ತರುತ್ತದೆ.

ಆದರೆ ಮರಳುವುದರಲ್ಲೂ ಅಪಾಯವಿದೆ. ನೈಟ್ ಸಿಬ್ಬಂದಿ ಏಳು ಸರ್ವರ್‌ಗಳಿಂದ ಹೊಸ ಕೋಡ್ ತೆಗೆದರು. ಹಳೆಯ ಕೋಡನ್ನು ಎಬ್ಬಿಸುವ ಗುರುತು ಒಳಬರುವ ಆರ್ಡರ್‌ಗಳಲ್ಲಿ ಹಾಗೇ ಉಳಿದಿದ್ದರಿಂದ ಅವೂ ಕೆಟ್ಟವು. ಕೋಡ್ ಜೊತೆ ಸೆಟ್ಟಿಂಗ್‌ಗಳೂ ಹಿಂದಿರುಗಬೇಕು. ಆಮೇಲೆ ಅದೇ ಪರೀಕ್ಷೆ ಮತ್ತೊಮ್ಮೆ ನಡೆಯಬೇಕು.