ವಿಡಿಯೊ ಏರಿಸುವ ಮುನ್ನ ಶೀರ್ಷಿಕೆ

ಊರಿನ ತಾಳಮದ್ದಳೆಯನ್ನು ಚಿತ್ರೀಕರಿಸಿದ ಸ್ವಯಂಸೇವಕರು ಯೂಟ್ಯೂಬಿಗೆ ಏರಿಸುವಾಗ ಶೀರ್ಷಿಕೆ `VID_20240114` ಎಂದೇ ಉಳಿದುಬಿಡುತ್ತದೆ. ಇಲ್ಲವೇ ‘ಅದ್ಭುತ ಅರ್ಥಗಾರಿಕೆ, ತಪ್ಪದೇ ನೋಡಿ’ ಎಂದಾಗುತ್ತದೆ. ಎರಡರಲ್ಲೂ ಪ್ರಸಂಗದ ಹೆಸರಿಲ್ಲ. ಹುಡುಕುವವರು ಬೆರಳಚ್ಚಿಸುವುದು ಅದನ್ನೇ.

ಶೀರ್ಷಿಕೆಗೆ 100 ಅಕ್ಷರಗಳ ಮಿತಿಯಿದೆ. ಮೊಬೈಲಿನಲ್ಲಿ ಅದರ ಬಾಲ ಕತ್ತರಿಸಿಹೋಗುವುದರಿಂದ ಮುಖ್ಯವಾದುದು ಮೊದಲು ಬರಲಿ: ‘ಕರ್ಣಪರ್ವ – ತಾಳಮದ್ದಳೆ – ಭಾಗ 2 – ಶಿರಸಿ – 14 ಜನವರಿ 2024’. ಸಂಘದ ಹೆಸರು, ಪ್ರಾಯೋಜಕರು, ಭಾಗವತರು, ಅರ್ಥಧಾರಿಗಳು ಯಾರೆಂಬುದೆಲ್ಲ ವಿವರಣೆಯಲ್ಲಿರಲಿ. ಎಲ್ಲ ಭಾಗಗಳಿಗೂ ಇದೇ ಕ್ರಮ ಇರಲೇಬೇಕು. ಒಂದರಲ್ಲಿ ಊರು ಮೊದಲು, ಇನ್ನೊಂದರಲ್ಲಿ ದಿನಾಂಕ ಮೊದಲು ಬಂದರೆ ಕೇಳುಗರಿಗೆ ಮುಂದಿನ ಭಾಗ ಸಿಗುವುದಿಲ್ಲ.

ಟ್ಯಾಗುಗಳ ಮೇಲೆ ಬಹಳ ಜನ ಇಟ್ಟಿರುವ ಭರವಸೆ ಅತಿಯಾಯಿತು. ಹುಡುಕಾಟದಲ್ಲಿ ಅವುಗಳ ಪಾತ್ರ ಸಣ್ಣದೆಂದು ಯೂಟ್ಯೂಬೇ ಹೇಳುತ್ತದೆ. ಅವು ನಿಜಕ್ಕೂ ನೆರವಾಗುವುದು ಕಾಗುಣಿತ ಬದಲಾಗುವ ಪದಗಳಿಗೆ:

```
ತಾಳಮದ್ದಳೆ, ತಾಳಮದ್ದಲೆ, talamaddale, thalamaddale
```

ಇಷ್ಟು ಸಾಕು. ಅಲ್ಲಿಲ್ಲದ ಖ್ಯಾತ ಕಲಾವಿದರ ಹೆಸರನ್ನು ಸೇರಿಸಲೇಬೇಡಿ. ಅದು ನೋಡುಗರಿಗೆ ಮಾಡುವ ಮೋಸ, ಯೂಟ್ಯೂಬಿನ ನಿಯಮಕ್ಕೂ ವಿರುದ್ಧ. ಮಕ್ಕಳ ಕಾರ್ಯಕ್ರಮವಾದರೆ ಅವರ ಹೆಸರು, ಶಾಲೆ ಶೀರ್ಷಿಕೆಯಲ್ಲೂ ಟ್ಯಾಗಿನಲ್ಲೂ ಬೇಡ.