ವಾಸಾ ಹಡಗು ಏಕೆ ಮಗುಚಿತು?

1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್ ಬಂದರಿನಿಂದ ಮೊದಲ ಬಾರಿಗೆ ಹೊರಟ ಸ್ವೀಡನ್ನಿನ ಯುದ್ಧನೌಕೆ ವಾಸಾ, ಒಂದೂವರೆ ಕಿಲೋಮೀಟರ್ ಕೂಡ ಸಾಗದೆ ಮುಳುಗಿತು. ಬೀಸಿದ್ದು ಬಿರುಗಾಳಿಯೇನಲ್ಲ.

ಹಡಗಿನ ತೂಕ ಅದರ ಗುರುತ್ವಕೇಂದ್ರದಲ್ಲಿ ಕೆಳಕ್ಕೆ ಎಳೆಯುತ್ತದೆ. ನೀರು, ಮುಳುಗಿದ ಭಾಗದ ನಡುಬಿಂದುವಿನಲ್ಲಿ ಮೇಲಕ್ಕೆ ಒತ್ತುತ್ತದೆ. ಹಡಗು ಬಲಕ್ಕೆ ವಾಲಿದರೆ ಆ ಬದಿ ಹೆಚ್ಚು ಮುಳುಗಿ, ಒತ್ತುಬಿಂದುವೂ ಬಲಕ್ಕೆ ಸರಿಯುತ್ತದೆ. ಅಲ್ಲಿಂದ ನೇರ ಮೇಲಕ್ಕೆ ಎಳೆದ ಗೆರೆ ಹಡಗಿನ ನಡುಗೆರೆಯನ್ನು ಕೂಡುವ ಜಾಗವೇ ಮೆಟಾಸೆಂಟರ್. ಅದು ಗುರುತ್ವಕೇಂದ್ರಕ್ಕಿಂತ ಮೇಲಿದ್ದರೆ ಎರಡೂ ಬಲಗಳು ಸೇರಿ ಹಡಗನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತವೆ; ಕೆಳಗಿದ್ದರೆ ಇನ್ನಷ್ಟು ವಾಲಿಸುತ್ತವೆ. ಇವೆರಡರ ನಡುವಿನ ಅಂತರವೇ ಮೆಟಾಸೆಂಟ್ರಿಕ್ ಎತ್ತರ. ಗುರುತ್ವಕೇಂದ್ರವು ಒತ್ತುಬಿಂದುವಿಗಿಂತ ಮೇಲಿದ್ದರೂ ಹಡಗು ನಿಲ್ಲಬಲ್ಲದು; ನನಗೆ ಇದರಲ್ಲಿ ಅತ್ಯಂತ ಸೊಗಸೆನಿಸುವುದು ಇದೇ. ಹಡಗು ಅಗಲವಾದಷ್ಟೂ ಮೆಟಾಸೆಂಟರ್ ಮೇಲೇರುತ್ತದೆ.

ವಾಸಾದಲ್ಲಿ ಈ ಅಂತರ ತೀರಾ ಕಿರಿದಾಗಿತ್ತು. ಫಿರಂಗಿಗಳ ಎರಡು ಅಟ್ಟಗಳೂ ದಪ್ಪ ಮರದ ಮೇಲೊಡಲೂ ಗುರುತ್ವಕೇಂದ್ರವನ್ನು ಮೇಲಕ್ಕೇರಿಸಿದ್ದವು. ಹೊರಡುವ ಮುನ್ನವೇ 30 ಮಂದಿಯನ್ನು ಅಟ್ಟದ ಮೇಲೆ ಅತ್ತಿಂದಿತ್ತ ಓಡಿಸಿ ನೋಡಿದ್ದರು. ಮೂರೇ ಓಟಕ್ಕೆ ಹಡಗು ಅಪಾಯಕರವಾಗಿ ಹೊಯ್ದಾಡಿ, ಪರೀಕ್ಷೆ ನಿಂತಿತು. ಯಾನ ಮಾತ್ರ ನಿಲ್ಲಲಿಲ್ಲ. ಗಾಳಿಗೆ ವಾಲಿದಾಗ, ತೆರೆದಿದ್ದ ಕೆಳಸಾಲಿನ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು.