'ಸಾರಿ, ನಿಮ್ಮನ್ನ ತಗೊಳ್ಳೋಕಾಗಲ್ಲ' ಅಂತ ಹೇಳೋದು ಹೇಗೆ?

ಇಂಟರ್‌ವ್ಯೂನಲ್ಲಿ ಹೇಗೆ ಕೂರಬೇಕು, ಏನು ಮಾತಾಡಬೇಕು ಅಂತ ನಮಗೆಲ್ಲ ಹೇಳಿಕೊಡ್ತಾರೆ. ಆದರೆ ಟೇಬಲ್‌ನ ಆ ಕಡೆ ಕೂತವರು 'ಇಲ್ಲ' ಅನ್ನೋದನ್ನ ಹೇಗೆ ಬರೀಬೇಕು ಅಂತ ಯಾರೂ ಕಲಿಸಲ್ಲ. ಕಳೆದ ರಜೆಯಲ್ಲಿ ಆ ಕೆಲಸ ನನ್ನ ತಲೆಗೇ ಬಂತು.

ದಾಂಡೇಲಿ ಹತ್ತಿರ ನಮ್ಮ ಕಾಕಾ ಒಂದು ಸಣ್ಣ ಹೋಮ್‌ಸ್ಟೇ ನಡೆಸ್ತಾರೆ. ಬುಕಿಂಗ್ ಮತ್ತು ಲೆಕ್ಕ ನೋಡಿಕೊಳ್ಳೋಕೆ ಒಬ್ಬರು ಬೇಕಾಗಿತ್ತು. ಕೊನೆ ಸುತ್ತಿನಲ್ಲಿ ಇಬ್ಬರು ಉಳಿದಿದ್ದರು: ಮುಂಡಗೋಡಿನ ಒಬ್ಬ ಹುಡುಗ, ಜೋಯಿಡಾ ಕಡೆಯ ಒಬ್ಬ ಅಕ್ಕ. ಹುಡುಗನನ್ನ ತಗೊಳ್ಳೋದು ಅಂತ ಆಯ್ತು. 'ನೀ ಇಂಗ್ಲಿಷ್ ಮೀಡಿಯಂ ಅಲ್ಲಾ, ಆಕಿಗೊಂದು ಮೆಸೇಜ್ ಬರದ ಕೊಡು' ಅಂದರು ಕಾಕಾ.

ನಾನು ಎರಡು ನಿಮಿಷದಲ್ಲಿ ಬರೆದೆ. 'ವಿ ರಿಗ್ರೆಟ್ ಟು ಇನ್‌ಫಾರ್ಮ್ ಯೂ' ಅಂತ ಶುರು, 'ಭವಿಷ್ಯಕ್ಕೆ ಶುಭಾಶಯ' ಅಂತ ಕೊನೆ. ಕಾಕಾ ಓದಿ, 'ಇದರಾಗ ಆಕಿಗೆ ತಿಳಿಯೂದು ಏನೈತಿ?' ಅಂದರು. ನಿಜ. ಅದೇ ಮೆಸೇಜನ್ನ ಯಾರಿಗೆ ಬೇಕಾದರೂ ಕಳಿಸಬಹುದಿತ್ತು.

ಎರಡನೇ ಸಲ ಉಲ್ಟಾ ಮಾಡಿದೆ. ಇಂಟರ್‌ವ್ಯೂನಲ್ಲಿ ಕಂಡ ಐದು ತಪ್ಪು ಪಟ್ಟಿ ಮಾಡಿದೆ. ಅದರಲ್ಲಿ 'ನೀವು ತುಂಬಾ ಮೆತ್ತಗೆ ಮಾತಾಡ್ತೀರಿ' ಅನ್ನೋದೂ ಇತ್ತು. ಕಾಕಾ ಅದನ್ನೂ ಹೊಡೆದು ಹಾಕಿದರು. ಆಕೆಯ ದನಿಯಿಂದಾಗಿ ಕೆಲಸ ತಪ್ಪಿರಲಿಲ್ಲ. ತಪ್ಪಿದ್ದು ಒಂದು ಲೆಕ್ಕದಿಂದ.

ಕೊಟ್ಟ ಲೆಕ್ಕ ಇದು: 12 ಜನ, ಎರಡು ರಾತ್ರಿ, ತಲೆಗೆ ದಿನಕ್ಕೆ 1,800 ರೂಪಾಯಿ, ಮುಂಗಡ 15,000 ಬಂದಿದೆ, ಹೊರಡುವಾಗ ಎಷ್ಟು ಕೇಳಬೇಕು? ಒಟ್ಟು 43,200 ಅಂತ ಆಕೆ ಸರಿಯಾಗೇ ಹೇಳಿದ್ದರು. ಆದರೆ ಮುಂಗಡ ಕಳೆಯದೆ ಬಿಲ್ ಬರೆದರು. ಕೇಳಬೇಕಾಗಿದ್ದು 28,200. ಬೇರೆ ಇನ್ನೊಂದು ಬಿಲ್‌ನಲ್ಲೂ ಹಾಗೇ ಆಯ್ತು. ಗ್ರಾಹಕರ ಪ್ರಶ್ನೆಗಳಿಗೆ ಮಾತ್ರ ಇಬ್ಬರಲ್ಲಿ ಆಕೆಯೇ ಚೆನ್ನಾಗಿ ಉತ್ತರ ಕೊಟ್ಟಿದ್ದರು.

ಹಾಗಾಗಿ ಫೀಡ್‌ಬ್ಯಾಕ್‌ಗೆ ಒಂದು ಪರೀಕ್ಷೆ ಇಟ್ಟುಕೊಂಡೆವು. ಅದು ಇಂಟರ್‌ವ್ಯೂನಲ್ಲಿ ಕಣ್ಣಾರೆ ಕಂಡಿದ್ದಾಗಿರಬೇಕು, ನಿರ್ಧಾರಕ್ಕೆ ನಿಜವಾದ ಕಾರಣ ಆಗಿರಬೇಕು, ಓದಿದವರು ಅದನ್ನ ಅಭ್ಯಾಸ ಮಾಡಿ ಸರಿಪಡಿಸಿಕೊಳ್ಳೋಕೆ ಆಗಬೇಕು. ದನಿ, ಊರು, ಮದುವೆ, ಉಚ್ಚಾರ ಇದರಲ್ಲಿ ಯಾವುದೂ ಪಾಸಾಗಲ್ಲ. ಆಯ್ಕೆಯಾದವನ ಜೊತೆ ಹೋಲಿಕೆಯೂ ಬೇಡ, ಅದರಿಂದ ಆಕೆ ಕಲಿಯೋದು ಏನೂ ಇಲ್ಲ.

ಕೊನೆಗೆ ಕಳಿಸಿದ್ದು ಇದು:

'ನಮಸ್ಕಾರ. ಗುರುವಾರ ಇಂಟರ್‌ವ್ಯೂಗೆ ಅಷ್ಟು ದೂರದಿಂದ ಬಂದಿದ್ದಕ್ಕೆ ಧನ್ಯವಾದ. ಈ ಕೆಲಸಕ್ಕೆ ಬೇರೆಯವರನ್ನು ಆಯ್ಕೆ ಮಾಡಿದ್ದೇವೆ. ಗ್ರಾಹಕರ ಜೊತೆ ನೀವು ಮಾತಾಡಿದ ರೀತಿ ನಮಗೆ ಇಷ್ಟವಾಯಿತು. ಆದರೆ ಎರಡು ಬಿಲ್‌ಗಳಲ್ಲಿ ಮುಂಗಡ ಕಳೆಯುವುದು ಬಿಟ್ಟುಹೋಗಿತ್ತು. ಈ ಕೆಲಸದಲ್ಲಿ ದಿನಾ ಬರುವ ಲೆಕ್ಕ ಅದು. ಒಟ್ಟು, ಮುಂಗಡ, ಬಾಕಿ ಅಂತ ಮೂರು ಸಾಲು ಬರೆದು ಕೆಲವು ಬಿಲ್ ಅಭ್ಯಾಸ ಮಾಡಿದರೆ ಇದು ಸರಿಹೋಗುತ್ತದೆ. ಏನಾದರೂ ಕೇಳುವುದಿದ್ದರೆ ಇದೇ ನಂಬರಿಗೆ ಕರೆ ಮಾಡಿ.'

ಗಮನಿಸಿ, 'ಇಲ್ಲ' ಅನ್ನೋದು ಮೂರನೇ ವಾಕ್ಯದಲ್ಲೇ ಬಂದಿದೆ. ಹೊಗಳಿಕೆ ಮೊದಲು ಬಂದಿದ್ದರೆ ಆಕೆ ಕೆಲಸ ಸಿಕ್ಕಿತು ಅಂತಲೇ ಓದುತ್ತಾ ಹೋಗುತ್ತಿದ್ದರು. 'ಮುಂದೆ ಖಾಲಿ ಆದರೆ ಖಂಡಿತ ಕರೀತೀವಿ' ಅಂತಲೂ ಬರೆದಿಲ್ಲ, ಯಾಕಂದ್ರೆ ಸದ್ಯಕ್ಕೆ ಇನ್ನೊಂದು ಜಾಗ ಬರೋದಿಲ್ಲ ಅಂತ ಕಾಕಾಗೆ ಗೊತ್ತಿತ್ತು.

ದೊಡ್ಡ ಜಗಳ ಆಗಿದ್ದು ಯಾವಾಗ ಕಳಿಸಬೇಕು ಅನ್ನೋದಕ್ಕೆ. 'ಆ ಹುಡುಗ ಬರ್ತಾನೋ ಇಲ್ಲೋ, ಅಲ್ಲೀತನಕ ತಡೀ' ಅಂದರು ಕಾಕಾ. ಅವರ ಭಯ ಸುಳ್ಳಲ್ಲ, ಒಪ್ಪಿಕೊಂಡವರು ಕೈಕೊಡೋದು ಇದ್ದೇ ಇದೆ. ಆದರೆ ಆಕೆಯನ್ನ ಸುಮ್ಮನೆ ಕಾಯಿಸೋದೂ ಸರಿಯಲ್ಲ. ಅದಕ್ಕೆ ಹುಡುಗನಿಗೆ ಒಂದು ದಿನ ಟೈಮ್ ಕೊಟ್ಟು, ಅವನು ಒಪ್ಪಿದ ತಕ್ಷಣ ಶನಿವಾರ ಬೆಳಿಗ್ಗೆ ಮೆಸೇಜ್ ಕಳಿಸಿದೆವು. ಅವನು ಇನ್ನೂ ಟೈಮ್ ಕೇಳಿದ್ದರೆ, 'ನೀವು ಎರಡನೇ ಆಯ್ಕೆ, ಇಂಥ ದಿನ ತಿಳಿಸ್ತೀವಿ, ಅಲ್ಲಿವರೆಗೆ ಬೇರೆ ಕೆಲಸ ಸಿಕ್ಕರೆ ಬಿಡಬೇಡಿ' ಅಂತ ಆಕೆಗೆ ಹೇಳೋದೇ ಸರಿ.

ಇನ್ನೊಂದು ಮಾತು. ಜೋಯಿಡಾ ಕಡೆ ಎಷ್ಟೋ ಹಳ್ಳಿಗಳಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗಲ್ಲ. ವಾಟ್ಸಾಪ್‌ನಲ್ಲಿ ಒಂದೇ ಟಿಕ್ ಇದ್ದರೆ ಮೆಸೇಜ್ ಇನ್ನೂ ಅವರ ಫೋನಿಗೆ ತಲುಪಿಲ್ಲ ಅಂತ ಅರ್ಥ. ಸಂಜೆವರೆಗೂ ಒಂದೇ ಟಿಕ್ ಇತ್ತು. ಕಾಕಾ ಮತ್ತೆ ಮತ್ತೆ ಫೋನ್ ಹಚ್ಚಿ, ಕೊನೆಗೆ ಲೈನ್ ಸಿಕ್ಕಾಗ ಅದನ್ನೇ ಓದಿ ಹೇಳಿದರು.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಆಕೆ, 'ಹೇಳಿದ್ದು ಚಲೋ ಆತ್ರಿ. ಹಳಿಯಾಳದಾಗ ಒಂದು ಅಂಗಡಿಯವರಿಗೆ ಸೋಮವಾರದೊಳಗ ಉತ್ತರ ಕೊಡಬೇಕಿತ್ತು. ನಿಮ್ಮದು ಏನಾಗ್ತದೋ ಅಂತ ಕಾಯ್ತಿದ್ದೆ' ಅಂದರು.